ಸೊರಬದ ಗಡಿಯಲ್ಲಿ ತೋಟ ಕೊಳ್ಳುವವರು 1974ರ ಆಚೆಗೂ ನೋಡಬೇಕು

ಸೊರಬ ತಾಲೂಕಿನ ಅಂಚಿನಲ್ಲಿ, ಸಿದ್ದಾಪುರಕ್ಕೆ ಹೊಂದಿಕೊಂಡ ಊರೊಂದರಲ್ಲಿ ಅಡಿಕೆ ತೋಟ ಕೊಳ್ಳಬೇಕೆಂದಿದ್ದೀರಿ. ಮಾರುವವರು 30 ವರ್ಷದ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ ಕೊಟ್ಟಿದ್ದಾರೆ, ಅಷ್ಟು ಸಾಲದೇ ಎಂದು ಕೇಳಿದ್ದೀರಿ. ನಮ್ಮ ಕಡೆಯ ಜಮೀನಿಗೆ ಅದು ಸಾಲದು. ಬೆಂಗಳೂರಿನ ನಿವೇಶನಕ್ಕೆ ರೂಢಿಯಾದ ಈ 30 ವರ್ಷದ ಲೆಕ್ಕ ಹಿಡಿದರೆ ನೀವು 1990ರ ದಶಕದಲ್ಲೇ ನಿಂತುಬಿಡುತ್ತೀರಿ. ಮಲೆನಾಡಿನ ಎಷ್ಟೋ ತೋಟ-ಗದ್ದೆಗಳ ಒಡೆತನ ತಿರುವು ಪಡೆದದ್ದು ಅದಕ್ಕೂ ಹಿಂದೆ, 1974ರಲ್ಲಿ.

ಇದು ಗೇಣಿಯ ನಾಡು. 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಪಕ್ಕದ ಸಾಗರ ತಾಲೂಕಿನಲ್ಲಿ. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆಯ ಪ್ರಕಾರ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರದ ವಶವಾದವು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ ಆದೇಶದ ಮೇಲೆ ನಮೂನೆ 10ರ ಅಧಿಭೋಗದ ಹಕ್ಕುಪತ್ರ ಪಡೆದರು. ಹೀಗೆ ಬಂದ ಜಮೀನಿಗೆ ಕ್ರಯಪತ್ರ ಇರುವುದಿಲ್ಲ. ನೋಂದಣಿ ಕಚೇರಿಯ ಪುಸ್ತಕವನ್ನಷ್ಟೇ ನಂಬಿದರೂ ಸಾಲದು, ಏಕೆಂದರೆ ತಂದೆ ತೀರಿಕೊಂಡ ಮೇಲೆ ಮಕ್ಕಳ ಹೆಸರಿಗಾಗುವ ಪೌತಿ ಖಾತೆ ಅಲ್ಲಿ ನೋಂದಣಿಯಾಗುವ ದಸ್ತಾವೇಜಲ್ಲ. ಈ ಎರಡು ಬಗೆಯ ಬದಲಾವಣೆಗಳೂ ಸಿಗುವುದು ತಾಲೂಕು ಕಚೇರಿಯ ಹಕ್ಕು ಬದಲಾವಣೆ ವಹಿಯಲ್ಲಿ, ಅಂದರೆ ನಾವು ಎಂ.ಆರ್. ಎನ್ನುವ ದಾಖಲೆಯಲ್ಲಿ. ಆದರೆ ಎಂ.ಆರ್. ಒಡೆತನವನ್ನು ಹುಟ್ಟಿಸುವುದಿಲ್ಲ, ಕಂದಾಯ ಇಲಾಖೆಗೆ ಯಾರು ಏನು ವರದಿ ಮಾಡಿದರು, ಇಲಾಖೆ ಏನು ಬರೆದುಕೊಂಡಿತು ಎಂಬುದನ್ನಷ್ಟೇ ಹೇಳುತ್ತದೆ. ಆದ್ದರಿಂದ ಕ್ರಯಪತ್ರ ಮತ್ತು ಎಂ.ಆರ್. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಬೇಕು, ಅವು ಒಂದಕ್ಕೊಂದು ಹೊಂದದ ಜಾಗದಲ್ಲಿ ನಿಂತು ಕಾರಣ ಹುಡುಕಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸಂಖ್ಯೆಗಳನ್ನು ವಿವರಣೆಗಾಗಿ ನಾನೇ ಹಾಕಿದ್ದೇನೆ. ಸರ್ವೆ ನಂಬರ್ 47/3ರಲ್ಲಿ 2 ಎಕರೆ 10 ಗುಂಟೆ ತೋಟವಿದೆ. ಈಗಿನ ಮಾಲೀಕರು 2009ರಲ್ಲಿ ಕೊಂಡವರು. ಅವರ ಕ್ರಯಪತ್ರದಲ್ಲಿ ಮೊದಲು ಓದಬೇಕಾದದ್ದು ಬೆಲೆಯನ್ನಲ್ಲ. ಮಾರಿದವರಿಗೆ ಆ ಸ್ವತ್ತು ಹೇಗೆ ಬಂತೆಂದು ಹೇಳುವ ಆರಂಭದ ಭಾಗವನ್ನು. ಅಲ್ಲಿ ‘ನಮ್ಮ ತಂದೆಯವರಿಂದ ಪೌತಿ ಮೂಲಕ ನನ್ನ ಹೆಸರಿಗೆ ಎಂ.ಆರ್. 14/1993-94ರಂತೆ ಖಾತೆಯಾಗಿ’ ಎಂದು ಬರೆದಿದೆ. ಪಹಣಿಯ 9ನೇ ಕಲಂನಲ್ಲಿ ಹೆಸರು, 10ರಲ್ಲಿ ಅದು ಬಂದ ರೀತಿ ಮತ್ತು ಎಂ.ಆರ್. ಸಂಖ್ಯೆ ಇರುತ್ತವೆ. ಒಂದು ಎಂ.ಆರ್. ಹಿಡಿದು ಅದರ ಹಿಂದಿನದಕ್ಕೆ, ಅಲ್ಲಿಂದ ಮತ್ತೂ ಹಿಂದಿನದಕ್ಕೆ ಹೋಗುವುದು ಈ ಹುಡುಕಾಟದ ಕ್ರಮ.

ಎಂ.ಆರ್. 14/1993-94ರ ನಕಲನ್ನಷ್ಟೇ ಪಡೆದು ತೃಪ್ತರಾಗಬೇಡಿ. ತಾಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಅದರ ಕಡತವನ್ನೂ ಕೇಳಿ, ಏಕೆಂದರೆ ವಂಶವೃಕ್ಷ ಮತ್ತು ವಾರಸುದಾರರ ಹೇಳಿಕೆಗಳು ಇರುವುದು ಅಲ್ಲಿ. ನಮ್ಮ ಉದಾಹರಣೆಯಲ್ಲಿ ತಂದೆ ಮರಣಶಾಸನ ಬರೆಯದೆ 1992ರಲ್ಲಿ ತೀರಿಕೊಂಡಿದ್ದಾರೆ. ವಂಶವೃಕ್ಷದಲ್ಲಿ ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಖಾತೆಯಾದದ್ದು ಹಿರಿಯ ಮಗನೊಬ್ಬನ ಹೆಸರಿಗೆ. 2009ರ ಕ್ರಯಪತ್ರಕ್ಕೆ ಸಹಿ ಹಾಕಿದವನೂ ಅವನೊಬ್ಬನೇ. ಖಾತೆ ಒಬ್ಬರ ಹೆಸರಿನಲ್ಲಿದ್ದ ಮಾತ್ರಕ್ಕೆ ಉಳಿದವರ ಪಾಲು ಅಳಿಯುವುದಿಲ್ಲ. ಹಾಗಾಗಿ 1992ರಿಂದ 2009ರವರೆಗಿನ ಋಣಭಾರ ಪ್ರಮಾಣಪತ್ರದಲ್ಲಿ ನೋಂದಾಯಿತ ಹಕ್ಕು ಬಿಡುಗಡೆ ಪತ್ರವೋ ವಿಭಾಗ ಪತ್ರವೋ ಇದೆಯೇ ಎಂದು ನೋಡಬೇಕು. ಇಲ್ಲವಾದರೆ ತಮ್ಮನ ಮತ್ತು ಅಕ್ಕತಂಗಿಯರ ಪಾಲಿನ ಪ್ರಶ್ನೆ ಇನ್ನೂ ಜೀವಂತವಾಗಿದೆ. ಯಾರ ಪಾಲು ಎಷ್ಟೆಂಬುದನ್ನು ಮಾತ್ರ ವಕೀಲರೇ ಲೆಕ್ಕಹಾಕಿ ಹೇಳಬೇಕು.

ಈ ಪ್ರಮಾಣಪತ್ರದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. 2004ರ ಏಪ್ರಿಲ್‌ನಿಂದ ಈಚಿನದು ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಉಪನೋಂದಣಾಧಿಕಾರಿ ಕಚೇರಿಯ ಸೂಚಿಪುಸ್ತಕಗಳಲ್ಲಿ ಕೈಯಿಂದ ಹುಡುಕಿಸಬೇಕು. ಪೋಡಿಯಾಗುವ ಮೊದಲು, ಅಂದರೆ ಸರ್ವೆ ನಂಬರನ್ನು ಅಳೆದು ಹಿಸ್ಸೆಗಳಾಗಿ ಒಡೆಯುವ ಮೊದಲು, 47/3 ಎಂಬುದೇ ಇರಲಿಲ್ಲ, ಬರೀ 47 ಇತ್ತು. ಹಳೆಯ ಪತ್ರದಲ್ಲಿ 47 ಎಂದಷ್ಟೇ ಬರೆದು ಚೆಕ್ಕುಬಂದಿ ಕೊಟ್ಟಿದ್ದರೆ, 47/3 ಎಂದು ಕೇಳಿದವರಿಗೆ ಅದು ಸಿಗದೆ ಹೋಗಬಹುದು. ಎರಡೂ ಸಂಖ್ಯೆಗೆ, ಜೊತೆಗೆ ಹಿಂದಿನ ಮಾಲೀಕರ ಹೆಸರಿಗೂ ಹುಡುಕಿಸಿ. ಸ್ಥಿರಾಸ್ತಿಯ ನೋಂದಣಿ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲನ್ನೂ ಪಡೆಯಬಹುದು. ಅದಕ್ಕೆ ಮಾರುವವರ ಒಪ್ಪಿಗೆ ಬೇಕಿಲ್ಲ.

ಇನ್ನು ತಂದೆಗೆ ಜಮೀನು ಬಂದ ಬಗೆ. ಹಿಂದಿನ ಎಂ.ಆರ್.ನಲ್ಲಿ 1979ರ ಭೂ ನ್ಯಾಯಮಂಡಳಿ ಆದೇಶದ ಉಲ್ಲೇಖವಿದೆ. ಇಲ್ಲಿ ಎರಡು ಸಂಗತಿ ನೋಡಬೇಕು. ಮೊದಲನೆಯದು, ಹೀಗೆ ಬಂದ ಜಮೀನನ್ನು ಆದೇಶವಾದ 15 ವರ್ಷದೊಳಗೆ ಮಾರುವಂತಿರಲಿಲ್ಲ. 1979ಕ್ಕೆ 15 ಸೇರಿಸಿದರೆ 1994. ಮಾರಾಟ 2009ರದ್ದಾದ್ದರಿಂದ ಅಡ್ಡಿಯಿಲ್ಲ. ನಡುವೆ 1988ರ ಕ್ರಯಪತ್ರವೊಂದು ಕಂಡಿದ್ದರೆ ಅಲ್ಲಿಗೇ ವ್ಯವಹಾರ ನಿಲ್ಲಿಸಬೇಕಾಗಿತ್ತು. ಎರಡನೆಯದು ವಿಸ್ತೀರ್ಣ, ಮತ್ತು ಹೆಚ್ಚು ಜನ ಎಡವುವುದು ಇಲ್ಲಿಯೇ. ಮೂಲ ಆದೇಶ ಮತ್ತು ನಮೂನೆ 10 ತರಿಸಿ ನೋಡಿದರೆ ತಂದೆಗೆ ಮಂಜೂರಾದದ್ದು 2 ಎಕರೆ ಮಾತ್ರ. ಎಂ.ಆರ್. ಬರೆಯುವಾಗ 47/3ರ ಪೂರ್ತಿ 2 ಎಕರೆ 10 ಗುಂಟೆಯನ್ನು ಅವರ ಹೆಸರಿಗೆ ಹಾಕಿದ್ದಾರೆ, ಮುಂದಿನ ಪಹಣಿಗಳೆಲ್ಲ ಅದನ್ನೇ ಅನುಸರಿಸಿವೆ.

ಹಾಗಾದರೆ 10 ಗುಂಟೆ ಯಾರದು? ಉತ್ತರ 1974ಕ್ಕಿಂತ ಹಿಂದಿನ ಕೈಬರಹದ ಪಹಣಿಯಲ್ಲಿದೆ. 9ನೇ ಕಲಂನಲ್ಲಿ ಭೂಮಾಲೀಕರ ಹೆಸರು, ಸಾಗುವಳಿಗೆ ಮೀಸಲಾದ 12ನೇ ಕಲಂನಲ್ಲಿ 2 ಎಕರೆಗೆ ಗೇಣಿದಾರರ ಹೆಸರು, ಉಳಿದ 10 ಗುಂಟೆಗೆ ‘ಸ್ವಂತ’ ಎಂದಿದೆ. ಗೇಣಿಗೆ ಕೊಡದ ಭೂಮಿ ಸರ್ಕಾರದ ವಶವೂ ಆಗಲಿಲ್ಲ, ಗೇಣಿದಾರರಿಗೂ ಹೋಗಲಿಲ್ಲ. ಭೂಮಾಲೀಕರಿಗೆ ಅದು 1938ರ ಕ್ರಯಪತ್ರದಿಂದ ಬಂದದ್ದು, ಮುಂದೆ ಅದನ್ನು ಯಾರಿಗಾದರೂ ಮಾರಿದ ದಾಖಲೆ ನೋಂದಣಿ ಕಚೇರಿಯಲ್ಲಿಲ್ಲ. ಎಂ.ಆರ್.ನಲ್ಲಿ ಬರೆದ ಒಂದು ಸಾಲಿನಿಂದ ಅವರ ವಾರಸುದಾರರ ಹಕ್ಕು ಹೋಗುವುದಿಲ್ಲ.

ಸರ್ವೆ ನಂಬರಿನ ವಿಸ್ತೀರ್ಣ ಹೇಳುವ ಸರ್ವೆ ದಾಖಲೆಯಾದ ಆಕಾರಬಂದನ್ನೂ ಒಮ್ಮೆ ತಾಳೆ ನೋಡಿ. ಅದರ ಪ್ರಕಾರ ಸರ್ವೆ ನಂಬರ್ 47ರ ಒಟ್ಟು ವಿಸ್ತೀರ್ಣ 6 ಎಕರೆ 20 ಗುಂಟೆ, ಅದರಲ್ಲಿ ಸಾಗುವಳಿಗೆ ಬಾರದ ಖರಾಬು 30 ಗುಂಟೆ ಎನ್ನೋಣ. ಎಲ್ಲ ಹಿಸ್ಸೆಗಳು ಸೇರಿ 5 ಎಕರೆ 30 ಗುಂಟೆ ಮೀರಬಾರದು. ಮೀರಿದರೆ ಖರಾಬನ್ನೋ ಪಕ್ಕದ ಸೊಪ್ಪಿನ ಬೆಟ್ಟವನ್ನೋ ಯಾರೋ ಒಳಗೆ ಸೇರಿಸಿದ್ದಾರೆ. ಸೊಪ್ಪಿನ ಬೆಟ್ಟ ತೋಟಕ್ಕೆ ಸೊಪ್ಪು, ದರಗು ತರಲು ಕೊಟ್ಟ ಸವಲತ್ತು. ತೋಟದ ಜೊತೆ ಅದರ ಅನುಭೋಗ ಬರಬಹುದು, ಒಡೆತನ ಬರುವುದಿಲ್ಲ.

ನೀವು ನೋಡಿದ ತೋಟ ಗಡಿಗೆ ತಾಗಿಕೊಂಡಿರುವುದರಿಂದ ಇನ್ನೊಂದು ಮಾತು. ತೋಟದ ಒಂದು ತುಣುಕು ಸಿದ್ದಾಪುರ ತಾಲೂಕಿನ ಗ್ರಾಮಕ್ಕೆ ಸೇರಿದ್ದರೆ ಅದರ ಕ್ರಯಪತ್ರವನ್ನು ಅಲ್ಲಿನ ನೋಂದಣಿ ಕಚೇರಿಯಲ್ಲೂ ಹುಡುಕಬೇಕು. 1956ರ ನವೆಂಬರ್ 1ರವರೆಗೆ ಆ ಕಡೆ ಮುಂಬಯಿ ರಾಜ್ಯ, ಈ ಕಡೆ ಮೈಸೂರು. ಹಳೆಯ ಕಂದಾಯ ಕಡತಗಳ ನಮೂನೆಯೇ ಬೇರೆ. ಬೇಲಿ ಒಂದೇ ಇದ್ದರೂ ಎರಡು ಸ್ವತ್ತೆಂದೇ ತಿಳಿದು ಬೇರೆ ಬೇರೆಯಾಗಿ ಹುಡುಕಿ.

ನಿಮ್ಮ ತೋಟದ ದಾಖಲೆಗಳೂ ಹೀಗೇ ಇದ್ದರೆ ಮುಂಗಡ ಕೊಡುವ ಮುನ್ನ ತಮ್ಮ ಮತ್ತು ಅಕ್ಕತಂಗಿಯರಿಂದ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಸಲು, ಇಲ್ಲವೇ ಅವರನ್ನೂ ನಿಮ್ಮ ಕ್ರಯಪತ್ರಕ್ಕೆ ಸೇರಿಸಲು ಮಾರುವವರಿಗೆ ಹೇಳಿ. 10 ಗುಂಟೆಗೆ ಭೂಮಾಲೀಕರ ವಾರಸುದಾರರಿಂದ ಪ್ರತ್ಯೇಕ ಕ್ರಯಪತ್ರ ದೊರೆಯದಿದ್ದರೆ ಸರ್ವೆಯವರಿಂದ ಅಳತೆ ಮಾಡಿಸಿ, ನಕ್ಷೆಯಲ್ಲಿ ಅದನ್ನು ಬಿಟ್ಟು, 2 ಎಕರೆಗಷ್ಟೇ ಬೆಲೆ ಕಟ್ಟಿ.