ಹಬ್ಬದ ಶುಭಾಶಯ ಪತ್ರದಲ್ಲಿ ಬಂದ ಕಂಪ್ರೆಸರ್ ಕೊಡುಗೆ: ಕೊಳ್ಳಬಹುದೇ?

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದು ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್. ಜಿಎಸ್‌ಟಿ ನೋಂದಣಿ ಇದೆ. ಎಂಟು ವರ್ಷಗಳಿಂದ ಸಾಮಾನು ಕೊಡುವ ಡೀಲರು ಆಯುಧ ಪೂಜೆಯ ಶುಭಾಶಯ ಪತ್ರದೊಂದಿಗೆ ಒಂದು ಕೊಡುಗೆ ಕಳುಹಿಸಿದ್ದಾರೆ. 5 ಎಚ್‌ಪಿ, 220 ಲೀಟರ್ ಟ್ಯಾಂಕಿನ ಏರ್ ಕಂಪ್ರೆಸರಿಗೆ ಪಟ್ಟಿ ಬೆಲೆ 64,000 ರೂಪಾಯಿ, ಅದರಲ್ಲಿ ಶೇ 15 ರಿಯಾಯಿತಿ, ಜಿಎಸ್‌ಟಿ ಪ್ರತ್ಯೇಕ. 4 ಇಂಚಿನ ಗ್ರೈಂಡರ್ ಉಚಿತ. ಹಳೆಯ ಕಂಪ್ರೆಸರ್ ಕೊಟ್ಟರೆ 8,000 ರೂಪಾಯಿ ಕಡಿತ. ಗಾಳಿ 20 ಸಿಎಫ್‌ಎಂ ಎಂದು ಬರೆದಿದೆ. ಇನ್ನೊಬ್ಬರು ಅದೇ ಅಳತೆಯದನ್ನು ಜಿಎಸ್‌ಟಿ ಸೇರಿ 57,000ಕ್ಕೆ ಕೊಡುತ್ತೇನೆ ಎನ್ನುತ್ತಾರೆ. ಅವರದು 15.5 ಸಿಎಫ್‌ಎಂ ಎಫ್‌ಎಡಿ. ಗಾಳಿ ಮುಖ್ಯವಾಗಿ ಬೇಕಿರುವುದು ಪೇಂಟ್ ಗನ್ನಿಗೆ (9 ಸಿಎಫ್‌ಎಂ), ಆಗೊಮ್ಮೆ ಈಗೊಮ್ಮೆ ಪ್ಲಾಸ್ಮಾ ಕಟಿಂಗಿಗೆ. ಹೊಸ ಯಂತ್ರವನ್ನು ಈ ಖಂಡೇನವಮಿಗೇ ಪೂಜೆಗೆ ಇಡಬೇಕೆಂಬುದು ತಂದೆಯವರ ಆಸೆ. ಯಾವುದನ್ನು ಕೊಳ್ಳಲಿ?

ಉತ್ತರ: ಯಂತ್ರೋಪಕರಣಗಳ ಕೌಂಟರಿನ ಆಚೆಬದಿಯಲ್ಲಿ ನಿಂತು ನಾನೂ ಹಲವು ವರ್ಷ ಇಂಥ ಪತ್ರಗಳನ್ನು ಬರೆದವನು. ಪತ್ರದ ಮೊದಲ ಸಾಲಿನ ಹಾರೈಕೆ ಮನಸಾರೆ ಬಂದದ್ದು, ಅದನ್ನು ಹಾಗೆಯೇ ಸ್ವೀಕರಿಸಿ. ಅದರ ಕೆಳಗಿರುವ ಅಂಕಿಗಳನ್ನು ಮಾತ್ರ ಬೇರೆ ಕಾಗದದ ಮೇಲೆ ಬರೆದುಕೊಂಡು ನೋಡಬೇಕು. ಎರಡೂ ಒಂದೇ ಹಾಳೆಯಲ್ಲಿದ್ದಾಗ, ಲೆಕ್ಕ ಕೇಳಿದರೆ ಸಂಬಂಧಕ್ಕೆ ಧಕ್ಕೆಯಾದೀತು ಎಂದು ಗಿರಾಕಿ ಹಿಂಜರಿಯುತ್ತಾನೆ. ಹಿಂಜರಿಯಬೇಡಿ, ಒಳ್ಳೆಯ ಡೀಲರ್ ಅದಕ್ಕೆ ಬೇಸರಪಡುವುದಿಲ್ಲ.

ಶೇ 15 ಎಂಬುದನ್ನು ಮೊದಲು ಮರೆತುಬಿಡಿ. ಪಟ್ಟಿ ಬೆಲೆಗೆ ಯಾರೂ ಕಂಪ್ರೆಸರ್ ಕೊಳ್ಳುವುದಿಲ್ಲ, ಹಬ್ಬವಿಲ್ಲದ ದಿನವೂ ಅದರಿಂದ ಒಂದಿಷ್ಟು ಕಳೆದೇ ಬಿಲ್ ಆಗುತ್ತದೆ. ಕೈಬಿಟ್ಟು ಹೋಗುವ ಹಣವೊಂದನ್ನೇ ಹೋಲಿಸಿ. ನಿಮ್ಮ ಡೀಲರ ಯಂತ್ರ ರಿಯಾಯಿತಿ ಕಳೆದು 54,400. ಇದರ ಮೇಲೆ ಶೇ 18 ಜಿಎಸ್‌ಟಿ 9,792 ಸೇರಿದರೆ 64,192. ಹಳೆಯದರ 8,000 ಕಳೆದರೆ ನೀವು ಕೊಡುವುದು 56,192. ಇನ್ನೊಬ್ಬರ 57,000ದೊಳಗೆ ಯಂತ್ರದ ಬೆಲೆ 48,305, ಉಳಿದದ್ದು ತೆರಿಗೆ. ಮೇಲ್ನೋಟಕ್ಕೆ ನಿಮ್ಮ ಡೀಲರದೇ ಅಗ್ಗ. ಆದರೆ ನೀವು ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯ ಜಮೆ ಪಡೆಯುವವರಾದರೆ ತೆರಿಗೆಯ ಭಾಗ ನಿಮಗೆ ಮರಳುತ್ತದೆ, ಆದ್ದರಿಂದ ತೆರಿಗೆ ಬಿಟ್ಟು ಲೆಕ್ಕ ಹಾಕಬೇಕು. ಅಂಗಡಿಯಲ್ಲಿ 2,600ಕ್ಕೆ ಸಿಗುವಂಥ ಗ್ರೈಂಡರ್ ಎಂದಿಟ್ಟುಕೊಂಡರೆ ತೆರಿಗೆ ಬಿಟ್ಟು ಅದರ ಬೆಲೆ ಸುಮಾರು 2,200. ಹಾಗಾಗಿ ನಿಮ್ಮ ಡೀಲರ ಯಂತ್ರ 54,400ರಲ್ಲಿ 8,000 ಮತ್ತು 2,200 ಕಳೆದು 44,200ಕ್ಕೆ ಬೀಳುತ್ತದೆ. ಇನ್ನೊಬ್ಬರಿಂದ ಕೊಂಡು ಹಳೆಯದನ್ನು ಹೊರಗೆ 5,000ಕ್ಕೆ ಮಾರಿದರೆ 43,305. ವ್ಯತ್ಯಾಸ ಬರೀ 900 ರೂಪಾಯಿ. ನಿಮ್ಮಲ್ಲಿ ಈಗಾಗಲೇ ಸಾಕಷ್ಟು ಗ್ರೈಂಡರುಗಳಿದ್ದು ಇದು ಕಪಾಟು ಸೇರುವುದಾದರೆ ಅದರ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆಗ ವ್ಯತ್ಯಾಸ 3,100 ಆಗುತ್ತದೆ. ರಾಜಿ ತೆರಿಗೆ ಯೋಜನೆಯಲ್ಲಿದ್ದರೆ ತೆರಿಗೆ ಮರಳುವುದಿಲ್ಲ, ಆಗ ತೆರಿಗೆ ಸೇರಿದ ಮೊತ್ತವನ್ನೇ ಹೋಲಿಸಬೇಕು.

ಹಳೆಯ ಯಂತ್ರದ ವಿಷಯದಲ್ಲಿ ಒಂದು ಎಚ್ಚರ. 54,400ರಲ್ಲಿ 8,000 ಕಳೆದು ಉಳಿದ 46,400ರ ಮೇಲಷ್ಟೇ ಜಿಎಸ್‌ಟಿ ಹಾಕಿ ಬಿಲ್ ಮಾಡುತ್ತೇನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವಿನಿಮಯದಲ್ಲಿ ಕೊಡುವ ವಸ್ತುವೂ ಬೆಲೆಯ ಭಾಗವೇ ಆದ್ದರಿಂದ ತೆರಿಗೆ ಪೂರ್ತಿ ಬೆಲೆಯ ಮೇಲೆ ಬರುತ್ತದೆ. ನೀವು ಹಳೆಯದನ್ನು ಕೊಡುವುದು ನಿಮ್ಮ ಕಡೆಯಿಂದ ಆಗುವ ಮಾರಾಟ. ಅದಕ್ಕೆ ನಿಮ್ಮ ಬಿಲ್ ಹೇಗಿರಬೇಕೆಂದು ನಿಮ್ಮ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ. ಉಚಿತ ಗ್ರೈಂಡರಿನ ಹೆಸರು, ಸೀರಿಯಲ್ ಸಂಖ್ಯೆಗಳೂ ಅದೇ ಬಿಲ್ಲಿನಲ್ಲಿರಲಿ. ಕೈಯಲ್ಲಿ ಕೊಟ್ಟ ಗ್ರೈಂಡರ್ ಮೂರನೆಯ ತಿಂಗಳಲ್ಲಿ ಸುಟ್ಟಾಗ ಸೇವಾ ಕೇಂದ್ರದವರು ಕೇಳುವುದು ಬಿಲ್ಲನ್ನೇ.

ಒಟ್ಟಿನಲ್ಲಿ ಬೆಲೆ ಹೆಚ್ಚುಕಡಿಮೆ ಒಂದೇ. ಇನ್ನು ಗಾಳಿಯ ಲೆಕ್ಕ. ಸಿಎಫ್‌ಎಂ ಎಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬುದು. 20 ಸಿಎಫ್‌ಎಂ ಮತ್ತು 15.5 ಸಿಎಫ್‌ಎಂ ಎಫ್‌ಎಡಿ ಎಂಬ ಎರಡು ಅಂಕಿಗಳು ಒಂದೇ ಅಳತೆಯವಲ್ಲ, ನಿಮ್ಮನ್ನು ದಾರಿ ತಪ್ಪಿಸುವುದು ಇದೇ. ಬೇರೇನೂ ಹೇಳದೆ ಸಿಎಫ್‌ಎಂ ಎಂದಷ್ಟೇ ಬರೆದಿದ್ದರೆ ಅದು ಬಹುತೇಕ ಪಿಸ್ಟನ್ನು ಒಂದು ನಿಮಿಷದಲ್ಲಿ ಗುಡಿಸುವ ಜಾಗ. ಎಫ್‌ಎಡಿ ಎಂದರೆ ನಿಜಕ್ಕೂ ಹೊರಬರುವ ಗಾಳಿಯನ್ನು ವಾತಾವರಣದ ಒತ್ತಡಕ್ಕೆ ಇಳಿಸಿ ಅಳೆದದ್ದು. ಪಿಸ್ಟನ್ನು ಗುಡಿಸಿದ್ದೆಲ್ಲ ಟ್ಯಾಂಕಿಗೆ ಹೋಗುವುದಿಲ್ಲ. ಸಿಲಿಂಡರಿನ ತಲೆಯಲ್ಲಿ ಉಳಿದ ಒತ್ತಡದ ಗಾಳಿ ಮತ್ತೆ ಹಿಗ್ಗುತ್ತದೆ, ಒಳಗೆ ಬರುವ ಗಾಳಿ ಬಿಸಿಯಾಗಿ ತೆಳುವಾಗುತ್ತದೆ, ವಾಲ್ವು ಮತ್ತು ರಿಂಗುಗಳಲ್ಲಿ ಸ್ವಲ್ಪ ಸೋರುತ್ತದೆ. ಈ ಗಾತ್ರದ ಯಂತ್ರಗಳಲ್ಲಿ ಗುಡಿಸಿದ್ದರ ಶೇ 70ರಷ್ಟು ಸಿಕ್ಕರೆ ಅದು ಒಳ್ಳೆಯ ಯಂತ್ರ. ಹಾಗೆ ನೋಡಿದರೆ 20 ಎಂದು ಬರೆದದ್ದು ಕೊಡುವುದು ಸುಮಾರು 14. ಅಂದರೆ ಚಿಕ್ಕ ಅಂಕಿ ಬರೆದವರ ಯಂತ್ರವೇ ಹೆಚ್ಚು ಗಾಳಿ ಕೊಡುತ್ತಿರಬಹುದು.

ನಿಮ್ಮ ಪೇಂಟ್ ಗನ್ನಿಗೆ ಬೇಕಿರುವುದು 9 ಸಿಎಫ್‌ಎಂ. 14 ಕೊಡುವ ಯಂತ್ರ ಅದಕ್ಕಾಗಿ ಶೇ 64ರಷ್ಟು ಹೊತ್ತು ಓಡುತ್ತದೆ, 15.5ರದು ಶೇ 58ರಷ್ಟು. ಪಿಸ್ಟನ್ ಕಂಪ್ರೆಸರಿಗೆ ಮೂರನೇ ಒಂದು ಭಾಗದಷ್ಟು ವಿಶ್ರಾಂತಿ ಸಿಗಬೇಕು, ಇಲ್ಲದಿದ್ದರೆ ತಲೆ ಕಾದು ವಾಲ್ವು ಪ್ಲೇಟುಗಳು ಬೇಗ ಹೋಗುತ್ತವೆ, ಟ್ಯಾಂಕಿಗೆ ಎಣ್ಣೆಯೂ ನೀರೂ ಹೆಚ್ಚು ಬರುತ್ತವೆ. ಆ ಲೆಕ್ಕದಲ್ಲಿ ಎರಡೂ ನಿಮ್ಮ ಕೆಲಸಕ್ಕೆ ನಡೆಯುತ್ತವೆ. ಪ್ಲಾಸ್ಮಾದ ಗಾಳಿಯನ್ನು ಇದಕ್ಕೆ ಕೂಡಿಸಲಿಲ್ಲ. ಬಣ್ಣ ಹೊಡೆಯುವ ಹೊತ್ತಿನಲ್ಲಿ ಅದೇ ಶೆಡ್ಡಿನಲ್ಲಿ ಕಿಡಿ ಹಾರಿಸುವ ಕೆಲಸ ಮಾಡಲೇಬಾರದು, ಥಿನ್ನರಿನ ಆವಿಗೆ ಒಂದು ಕಿಡಿ ಸಾಕು. ಮುಂದೆ ಎರಡನೆಯ ಪೇಂಟ್ ಗನ್ ಇಡುವ ಯೋಚನೆ ಇದ್ದರೆ ಇವೆರಡೂ ಸಾಲವು, ಆಗ ಈ ಕೊಡುಗೆಯನ್ನು ಬಿಟ್ಟುಬಿಡುವುದೇ ಸರಿ.

ಅಂಕಿಯನ್ನು ನಂಬಬೇಕಿಲ್ಲ, ಗಡಿಯಾರ ಹಿಡಿದು ಪರೀಕ್ಷಿಸಬಹುದು. ಟ್ಯಾಂಕಿನ ಹೊರಹೋಗುವ ವಾಲ್ವು ಮುಚ್ಚಿ ಯಂತ್ರವನ್ನು ಓಡಿಸಿ. ಒತ್ತಡದ ಮುಳ್ಳು 4 ಕೆಜಿಯಿಂದ 6 ಕೆಜಿಗೆ ಏರಲು ಎಷ್ಟು ಸೆಕೆಂಡು ಬೇಕಾಯಿತೆಂದು ನೋಡಿ. 220 ಲೀಟರ್ ಟ್ಯಾಂಕಿನಲ್ಲಿ 2 ಕೆಜಿ ಏರಬೇಕಾದರೆ ಸುಮಾರು 440 ಲೀಟರ್ ಗಾಳಿ ಒಳಗೆ ಹೋಗಬೇಕು. ಒಂದು ಸಿಎಫ್‌ಎಂ ಎಂದರೆ ನಿಮಿಷಕ್ಕೆ 28.3 ಲೀಟರ್. 15.5 ಸಿಎಫ್‌ಎಂ ಕೊಡುವ ಯಂತ್ರಕ್ಕೆ ಇದಕ್ಕೆ 60 ಸೆಕೆಂಡು, 14 ಕೊಡುವುದಕ್ಕೆ 67 ಸೆಕೆಂಡು ಬೇಕು. ಒಂದೂವರೆ ನಿಮಿಷ ಹಿಡಿದರೆ ಅದು 10 ಸಿಎಫ್‌ಎಂ ಯಂತ್ರ, ಕರಪತ್ರದಲ್ಲಿ ಏನೇ ಇರಲಿ. ನಿಮ್ಮ ಪೇಂಟರ್ ಬಣ್ಣ ಹೊಡೆಯುತ್ತಿರುವಷ್ಟು ಹೊತ್ತೂ ಅದಕ್ಕೆ ಬಿಡುವು ಸಿಗುವುದೇ ಅಪರೂಪ.

ಈ ಪರೀಕ್ಷೆಗೆ ಸಮಯ ಬೇಕು, ಹಬ್ಬದ ಹಿಂದಿನ ಸಂಜೆ ಅದು ಸಿಗುವುದಿಲ್ಲ. ಆ ದಿನ ಡೀಲರ ಮೆಕ್ಯಾನಿಕ್ ಏಳೆಂಟು ಕಡೆ ಓಡಬೇಕಿರುತ್ತದೆ. ಇಂಥದೇ ಅವಸರದಲ್ಲಿ ನಾನು ಒಮ್ಮೆ ಒಂದು ಗ್ಯಾರೇಜಿಗೆ ಕಳುಹಿಸಿದ ಯಂತ್ರಕ್ಕೆ ಮೂರು ಫೇಸಿನ ತಂತಿಗಳಲ್ಲಿ ಎರಡನ್ನು ಅದಲು ಬದಲು ಜೋಡಿಸಿದ್ದರು. ಮೋಟಾರು ಹಿಮ್ಮುಖವಾಗಿ ತಿರುಗುತ್ತಿತ್ತು, ಟ್ಯಾಂಕು ತುಂಬುತ್ತಲೂ ಇತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಪಿಸ್ಟನ್ ಕಂಪ್ರೆಸರ್ ಯಾವ ಕಡೆ ತಿರುಗಿದರೂ ಗಾಳಿ ತುಂಬುತ್ತದೆ. ಆದರೆ ಫ್ಲೈವೀಲಿನ ರೆಕ್ಕೆಗಳು ಬೀಸಬೇಕಾದ ತಂಪು ಗಾಳಿ ಸಿಲಿಂಡರಿನ ಕಡೆಗೆ ಬಾರದೆ ಹೊರಕ್ಕೆ ಹೋಗುತ್ತದೆ. ಮೂರನೆಯ ವಾರಕ್ಕೆ ಆ ಯಂತ್ರದ ತಲೆಯ ಗ್ಯಾಸ್ಕೆಟ್ ಹೋಯಿತು. ಬೆಲ್ಟಿನ ಕವಚ ಅಥವಾ ಫ್ಲೈವೀಲಿನ ಮೇಲೆ ಬಾಣದ ಗುರುತಿರುತ್ತದೆ, ಯಂತ್ರ ಆ ದಿಕ್ಕಿಗೇ ತಿರುಗುತ್ತಿದೆಯೇ ಎಂದು ನೀವೇ ನಿಂತು ನೋಡಿ. ಎಣ್ಣೆ ಗಾಜಿನ ನಡುವಿನವರೆಗೆ ಇದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.

ದಿನಾಂಕದ ಬಗ್ಗೆ ಇನ್ನೊಂದು ಮಾತು. ಆದಾಯ ತೆರಿಗೆಯಲ್ಲಿ ಯಂತ್ರಕ್ಕೆ ಶೇ 15 ಸವಕಳಿ ಸಿಗುತ್ತದೆ, ಆದರೆ ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಮೊದಲ ವರ್ಷ ಅರ್ಧವಷ್ಟೇ. ಮಾರ್ಚ್ 31ರಿಂದ ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ 3 ಬರುತ್ತದೆ. ಹಬ್ಬ ಈ ಗಡಿಯ ಆಚೆ ಈಚೆ ಓಡಾಡುತ್ತದೆ: 2024ರಲ್ಲಿ ಆಯುಧ ಪೂಜೆ ಅಕ್ಟೋಬರ್ 11ಕ್ಕಿತ್ತು, 2025ರಲ್ಲಿ ಅಕ್ಟೋಬರ್ 1ಕ್ಕೆ. ಅಕ್ಟೋಬರ್ 3ರೊಳಗೆ ಬಿಲ್ ಮಾಡಿಬಿಡೋಣ ಎಂದು ಯಾರಾದರೂ ಅವಸರಿಸಿದರೆ, ಗಣನೆಗೆ ಬರುವುದು ಬಿಲ್ಲಲ್ಲ, ಯಂತ್ರ ಕೆಲಸಕ್ಕೆ ತೊಡಗಿದ ದಿನ ಎಂಬುದು ನೆನಪಿರಲಿ. ನಿಮ್ಮ ಯಂತ್ರದಲ್ಲಿ ಪೂರ್ತಿ ಸವಕಳಿ 8,160, ಅರ್ಧವೆಂದರೆ 4,080. ಬಿಟ್ಟುಹೋದದ್ದು ಮುಂದಿನ ವರ್ಷಗಳಲ್ಲಿ ಸಿಗುತ್ತಾ ಹೋಗುತ್ತದೆ. ಇಷ್ಟಕ್ಕಾಗಿ ಪರೀಕ್ಷಿಸದ ಯಂತ್ರವನ್ನು ಮನೆಗೆ ತರಬೇಡಿ. ಅಂದಾಜು ಆದಾಯದ ಯೋಜನೆಯಲ್ಲಿ ತೆರಿಗೆ ಕಟ್ಟುವವರಿಗಂತೂ ಈ ಲೆಕ್ಕವೇ ಬೇಕಿಲ್ಲ.

ತಂದೆಯವರ ಆಸೆಗೆ ದಾರಿ ಇದೆ. ಯಂತ್ರ ಹಬ್ಬಕ್ಕೆ ಐದು ದಿನ ಮೊದಲೇ ಬಂದರೆ ಸರಿ, ಪರೀಕ್ಷಿಸಿ ಪೂಜೆಗೆ ಇಡಿ. ವಿದ್ಯುತ್ ತೆಗೆದಿಡಿ, ಕುಂಕುಮ ವಿಭೂತಿಗಳು ಗಾಳಿ ಸೋಸುವ ಫಿಲ್ಟರಿನ ಬಾಯಿಗೆ ಬೀಳದಿರಲಿ, ಹೂವಿನ ಹಾರವನ್ನು ಬೆಲ್ಟಿನ ಬಳಿ ಬಿಟ್ಟು ಮರೆಯಬೇಡಿ. ತಡವಾಗುವುದಾದರೆ ಹಳೆಯ ಯಂತ್ರ, ವೆಲ್ಡಿಂಗ್ ಸೆಟ್ಟುಗಳ ನಡುವೆ ಬುಕಿಂಗ್ ರಸೀದಿಯನ್ನು ತಟ್ಟೆಯಲ್ಲಿಟ್ಟು ಪೂಜಿಸಿ. ಮರುದಿನ ವಿಜಯದಶಮಿ, ನಮ್ಮ ಕಡೆ ಅದು ಮೂರೂವರೆ ಮುಹೂರ್ತಗಳಲ್ಲಿ ಒಂದು, ಪಂಚಾಂಗ ನೋಡಬೇಕಿಲ್ಲ. ಅಂದು ಬನ್ನಿ ಕೊಟ್ಟು ಮುಗಿದ ಮೇಲೆ ಡೀಲರೊಂದಿಗೆ ದಿನ ಗೊತ್ತುಮಾಡಿಕೊಂಡು ನಿಧಾನವಾಗಿ ಯಂತ್ರವನ್ನು ಇಳಿಸಿಕೊಳ್ಳಬಹುದು.

ಎಂಟು ವರ್ಷ ನಿಮ್ಮ ಕಷ್ಟಕ್ಕೆ ಒದಗಿದ ಡೀಲರನ್ನು 900 ರೂಪಾಯಿಗಾಗಿ ಬಿಡಿ ಎಂದು ನಾನು ಹೇಳುವುದಿಲ್ಲ. ಯಂತ್ರ ಕೆಟ್ಟ ದಿನ ಮೆಕ್ಯಾನಿಕ್ ಎಷ್ಟು ಹೊತ್ತಿಗೆ ಬರುತ್ತಾನೆ ಎಂಬುದಕ್ಕೂ ಬೆಲೆ ಇದೆ. ಅವರಿಗೆ ಹೀಗೊಂದು ಉತ್ತರ ಬರೆಯಿರಿ:

“ನಿಮ್ಮ ಶುಭಾಶಯಕ್ಕೆ ನಮ್ಮೆಲ್ಲರ ವಂದನೆಗಳು, ನಿಮಗೂ ನಿಮ್ಮ ಮನೆಯವರಿಗೂ ನವಮಿ ಮತ್ತು ದಶಮಿಯ ಶುಭಾಶಯಗಳು. ಕಂಪ್ರೆಸರ್ ತೆಗೆದುಕೊಳ್ಳುವ ಮನಸ್ಸಿದೆ. 7 ಕೆಜಿ ಒತ್ತಡದಲ್ಲಿ ಅದರ ಎಫ್‌ಎಡಿ ಎಷ್ಟೆಂದು ಕೊಟೇಶನ್ನಿನಲ್ಲಿ ಬರೆದುಕೊಡಿ. ಗ್ರೈಂಡರ್ ನಮಗೆ ಬೇಡವಾದರೆ ಅದರ ಬದಲು ಬೆಲೆಯಲ್ಲಿ ಎಷ್ಟು ಕಡಿಮೆ ಮಾಡುತ್ತೀರಿ ತಿಳಿಸಿ. ಹಬ್ಬಕ್ಕೆ ಐದು ದಿನ ಮೊದಲು ಯಂತ್ರ ಬಂದರೆ ನಿಮ್ಮ ಮೆಕ್ಯಾನಿಕ್ ಎದುರಿನಲ್ಲೇ ಟ್ಯಾಂಕು ತುಂಬುವ ಹೊತ್ತು ನೋಡಿ ಹಣ ಕೊಡುತ್ತೇವೆ. ಆಗದಿದ್ದರೆ ಈಗ ಮುಂಗಡ ಕೊಡುತ್ತೇವೆ, ಇದೇ ದರ ದೀಪಾವಳಿಯವರೆಗೆ ಇರಲಿ. ವಾರಂಟಿ ಯಂತ್ರ ಚಾಲೂ ಮಾಡಿದ ದಿನದಿಂದ ಎಂದು ಬಿಲ್ಲಿನ ಮೇಲೆ ಬರೆಸಿಕೊಡಿ.”