ಸ್ಟ್ರಿಪ್ ಮೇಲಿನ 61.8 ಮತ್ತು 22.5: ಝಿಂಕ್ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ಡೊಂಬಿವಲಿಯಲ್ಲಿ ಮಳೆ ಹಿಡಿದಾಗಿನಿಂದ ನೆಗಡಿ ಬಿಟ್ಟಿಲ್ಲ. ದಿನಾ ಒಂದು ಮಲ್ಟಿವಿಟಮಿನ್ ತಗೋತೀನಿ, ಅದರಲ್ಲಿ ಝಿಂಕ್ ಸಲ್ಫೇಟ್ ಮೊನೊಹೈಡ್ರೇಟ್ 61.8 ಅಂತಿದೆ, ಪಕ್ಕದಲ್ಲೇ 22.5 ಅಂತಲೂ ಇದೆ. ಬೆಳಿಗ್ಗೆ ಸಂಜೆ ನೀರಲ್ಲಿ ಕರಗಿಸುವ ಮಾತ್ರೆ, ವಿಟಮಿನ್ ಸಿ 1000, ಝಿಂಕ್ 10. ಮೆಡಿಕಲ್‌ನವರು ಚೀಪುವ ಗೋಲಿ ದಿನಕ್ಕೆ ಆರು ಅಂದರು, ಅದರ ಮೇಲೆ ಝಿಂಕ್ ಗ್ಲುಕೋನೇಟ್ 70 ಅಂತಷ್ಟೇ ಇದೆ. ಎಲ್ಲಾ ಒಟ್ಟಿಗೆ ತಗೋಬಹುದಾ? ಐದು ವರ್ಷದ ಮಗಳಿಗೆ ಅರ್ಧ ಕೊಡಬಹುದಾ?

ಉತ್ತರ: ಒಟ್ಟಿಗೆ ಬೇಡ. ಮಗಳಿಗಂತೂ ಬೇಡವೇ ಬೇಡ. ಕಾರಣ ನಿಮ್ಮ ಲೇಬಲ್‌ಗಳಲ್ಲೇ ಇದೆ.

ಝಿಂಕ್ ಅಂದರೆ ಸತು, ಒಂದು ಲೋಹ. ಅದನ್ನು ಮಾತ್ರೆಗೆ ಸೇರಿಸುವುದು ಲವಣದ ರೂಪದಲ್ಲಿ: ಸಲ್ಫೇಟ್, ಗ್ಲುಕೋನೇಟ್, ಅಸಿಟೇಟ್. 61.8 ಎಂಬುದು ಇಡೀ ಲವಣದ ತೂಕ. ಅದರೊಳಗೆ ಇರುವ ಸತು 22.5 ಮಿ.ಗ್ರಾಂ, ಇದನ್ನೇ ಎಲಿಮೆಂಟಲ್ ಝಿಂಕ್ ಅನ್ನುವುದು. ಮಿತಿ, ಡೋಸ್, ದಿನದ ಅಗತ್ಯ ಎಲ್ಲವನ್ನೂ ಈ ಎರಡನೇ ಅಂಕಿಯಲ್ಲೇ ಲೆಕ್ಕ ಹಾಕಬೇಕು.

ಎರಡನೇ ಅಂಕಿ ಕೊಡದ ಲೇಬಲ್‌ನಲ್ಲೇ ಜನ ಎಡವುವುದು. ಸಲ್ಫೇಟ್ ಮೊನೊಹೈಡ್ರೇಟ್‌ನಲ್ಲಿ ನೂರಕ್ಕೆ ಸುಮಾರು 36 ಪಾಲು ಸತು ಇರುತ್ತದೆ. ಗ್ಲುಕೋನೇಟ್‌ನಲ್ಲಿ ಬರೀ 14, ಅಂದರೆ ಏಳರಲ್ಲಿ ಒಂದು ಪಾಲು. ಹಾಗಾಗಿ ನಿಮ್ಮ ಚೀಪುವ ಗೋಲಿಯ 70ರಲ್ಲಿ ಸತು 10 ಮಿ.ಗ್ರಾಂ ಮಾತ್ರ. ನೋಡಲು 70 ದೊಡ್ಡದು, ಆದರೆ 61.8ರ ಮಾತ್ರೆಯಲ್ಲಿರುವ ಸತುವಿನ ಅರ್ಧದಷ್ಟೂ ಅದರಲ್ಲಿಲ್ಲ. ಅಸಿಟೇಟ್ ಆಗಿದ್ದರೆ ನೂರಕ್ಕೆ 30ರ ಲೆಕ್ಕ ಹಿಡಿಯಿರಿ.

ಲವಣದ ಹೆಸರನ್ನೇ ಹಾಕದೆ ಬರೀ ‘ಝಿಂಕ್ 10’ ಅಂತಿದ್ದರೆ ಪಕ್ಕದ ಶೇಕಡಾ ಆರ್‌ಡಿಎ ಕಾಲಂ ನೋಡಿ, ದಿನದ ಅಗತ್ಯದಲ್ಲಿ ಅದು ನೂರಕ್ಕೆ ಎಷ್ಟು ಪಾಲು ಎಂಬುದು ಅಲ್ಲಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2020ರ ಪಟ್ಟಿಯಲ್ಲಿ ವಯಸ್ಕ ಗಂಡಸರಿಗೆ ದಿನಕ್ಕೆ 17 ಮಿ.ಗ್ರಾಂ ಸತು ಎಂದಿದೆ. ಲೇಬಲ್ ಆ ಪಟ್ಟಿಯನ್ನು ಹಿಡಿದು ಸುಮಾರು 59 ಶೇಕಡಾ ಎಂದರೆ ಸತುವೇ 10 ಮಿ.ಗ್ರಾಂ ಇದೆ ಎಂದರ್ಥ. ಅದೇ 10ರ ಎದುರಿಗೆ 8 ಶೇಕಡಾ ಎಂದಿದ್ದರೆ ಅದು ಗ್ಲುಕೋನೇಟ್ ಲವಣದ ತೂಕ, ಒಳಗಿನ ಸತು ಒಂದೂವರೆ ಮಿ.ಗ್ರಾಂ ಆಸುಪಾಸು. ಕಾಲಂನ ತಲೆಬರಹವನ್ನೂ ಓದಿ. ಅಲ್ಲಿನ ಅಂಕಿ ಒಂದು ಮಾತ್ರೆಗೋ ಎರಡಕ್ಕೋ ಎಂಬುದು ಅಲ್ಲೇ ಇರುತ್ತದೆ. ಗಮ್ಮಿಗಳಲ್ಲಿ ಎರಡರ ಲೆಕ್ಕ ಕೊಡುವುದು ಮಾಮೂಲು.

ಈಗ ನಿಮ್ಮ ದಿನದ ಲೆಕ್ಕ ನೋಡೋಣ. ಮಲ್ಟಿವಿಟಮಿನ್‌ನಿಂದ 22.5, ಕರಗಿಸುವ ಮಾತ್ರೆ ಎರಡರಿಂದ 20, ಗೋಲಿ ಆರರಿಂದ 60. ಒಟ್ಟು 102.5 ಮಿ.ಗ್ರಾಂ. ವಯಸ್ಕರಿಗೆ ದಿನದ ಮೇಲ್ಮಿತಿ ಐಸಿಎಂಆರ್ ಪ್ರಕಾರವೂ ಅಮೆರಿಕದ ಪಟ್ಟಿಯ ಪ್ರಕಾರವೂ 40. ಯೂರೋಪಿನವರು ಅದನ್ನು 25ಕ್ಕೇ ನಿಲ್ಲಿಸಿದ್ದಾರೆ. ಊಟದಲ್ಲಿ ಸಿಗುವ ಸತುವೂ ಈ ಮಿತಿಯೊಳಗೇ ಬರಬೇಕು. ಗೋಲಿ ಬಿಟ್ಟರೂ ನಿಮ್ಮದು 42.5 ಆಗುತ್ತದೆ. ದಿನಕ್ಕೆ ಆರು ಗೋಲಿ ಒಂದೇ 40 ದಾಟಿಸುತ್ತದೆ, ಉಳಿದೆರಡನ್ನು ಪ್ರತ್ಯೇಕವಾಗಿ ನೋಡಿದರೆ ಯಾವುದೂ ಮಿತಿ ಮೀರಿದಂತೆ ಕಾಣದು, ಕೂಡಿದಾಗಲೇ ಗೊತ್ತಾಗುವುದು.

ಇಲ್ಲಿ ನಿಮಗೊಂದು ಅನುಮಾನ ಬರಬಹುದು. ನೆಗಡಿಗೆ ಝಿಂಕ್ ಲೋಝೆಂಜ್, ಅಂದರೆ ಚೀಪುವ ಗೋಲಿ ಕೊಟ್ಟು ನಡೆಸಿದ ಅಧ್ಯಯನಗಳಲ್ಲಿ ಫಲ ಕಂಡದ್ದು ಹೆಚ್ಚಾಗಿ ದಿನಕ್ಕೆ 75 ಮಿ.ಗ್ರಾಂಗಿಂತ ಮೇಲೆ ಕೊಟ್ಟಾಗ. ಅದು ನಿಜ. 40ರ ಮಿತಿ ಇರುವುದು ತಿಂಗಳುಗಟ್ಟಲೆ ದಿನಾ ತೆಗೆದುಕೊಳ್ಳುವವರಿಗೆ, ಆ ಅಧ್ಯಯನಗಳು ನಡೆದದ್ದು ಕೆಲವೇ ದಿನ. ಅವುಗಳ ಷರತ್ತುಗಳೂ ಬೇರೆ. ಮೂಗು ಸೋರಲು ಶುರುವಾದ 24 ಗಂಟೆಯೊಳಗೆ ಆರಂಭಿಸಬೇಕು, ನುಂಗದೆ ಬಾಯಲ್ಲೇ ನಿಧಾನಕ್ಕೆ ಕರಗಿಸಬೇಕು. ಗೋಲಿಯಲ್ಲಿ ಸಿಟ್ರಿಕ್ ಆಮ್ಲ ಇದ್ದರೆ ಅದು ಸತುವನ್ನು ಹಿಡಿದಿಟ್ಟುಕೊಂಡು ಗಂಟಲಲ್ಲಿ ಬಿಡುಗಡೆಯಾಗದಂತೆ ಮಾಡುತ್ತದೆ. ಹುಳಿ ರುಚಿಯ ಗೋಲಿಗಳಲ್ಲಿ ಇದೇ ತೊಂದರೆ. ಇಷ್ಟೆಲ್ಲ ಸರಿಯಿದ್ದರೂ ನೆಗಡಿ ಎರಡು ದಿನ ಬೇಗ ಹೋದೀತು ಎಂಬಷ್ಟೇ ಆಸೆ, ಅದಕ್ಕಿರುವ ಪುರಾವೆಯೂ ಗಟ್ಟಿಯಾದದ್ದಲ್ಲ. ನುಂಗುವ ಮಲ್ಟಿವಿಟಮಿನ್‌ಗೆ ಈ ಅಧ್ಯಯನಗಳು ಅನ್ವಯಿಸುವುದೇ ಇಲ್ಲ. ನಿಮ್ಮ ನೆಗಡಿ ಶುರುವಾಗಿ ವಾರಗಳೇ ಆಗಿವೆ. ಈಗ ಗೋಲಿ ಚೀಪುವುದರಿಂದ ಏನೂ ಸಿಗದು ಎಂಬುದು ನನ್ನ ಅಭಿಪ್ರಾಯ. ಹತ್ತು ದಿನ ದಾಟಿದರೂ ಬಿಡದ ನೆಗಡಿ ಅಲರ್ಜಿಯೋ ಸೈನಸ್ ತೊಂದರೆಯೋ ಆಗಿರಬಹುದು, ಡಾಕ್ಟರಿಗೆ ತೋರಿಸಿ.

ಮಿತಿ ಮೀರಿದರೆ ಮೊದಲು ಕಾಣುವುದು ಹೊಟ್ಟೆ ತೊಳಸುವಿಕೆ ಮತ್ತು ಬಾಯಲ್ಲಿ ಲೋಹದ ರುಚಿ, ಅದರಲ್ಲೂ ಖಾಲಿ ಹೊಟ್ಟೆಯಲ್ಲಿ. ಇದು ಮಾತ್ರೆ ನಿಲ್ಲಿಸಿದರೆ ಹೋಗುತ್ತದೆ. ನಿಜವಾದ ಅಪಾಯ ಸದ್ದಿಲ್ಲದೆ ಬರುವಂಥದ್ದು: ಹೆಚ್ಚಾದ ಸತು ಕರುಳಿನಲ್ಲಿ ತಾಮ್ರ ಹೀರಿಕೆಯಾಗದಂತೆ ತಡೆಯುತ್ತದೆ. ದಿನಕ್ಕೆ 50 ಮಿ.ಗ್ರಾಂನಂತೆ ಕೆಲವು ವಾರ ತೆಗೆದುಕೊಂಡರೂ ತಾಮ್ರದ ಮಟ್ಟ ಇಳಿಯಬಹುದು. ಮುಂದುವರಿದರೆ ಕಬ್ಬಿಣದ ಮಾತ್ರೆಗೂ ಬಗ್ಗದ ರಕ್ತಹೀನತೆ, ಬಿಳಿ ರಕ್ತಕಣ ಕಡಿಮೆಯಾಗುವುದು, ಪಾದಗಳಲ್ಲಿ ಜುಮುಜುಮು. ಅದಕ್ಕೇ ಮಳೆಗಾಲ ಪೂರ್ತಿ ತಗೋತೀನಿ ಅನ್ನುವವರ ಬಗ್ಗೆ ನನಗೆ ಕಳವಳ.

ಇನ್ನು ವಿಟಮಿನ್ ಸಿ. ಮೇಲ್ಮಿತಿ ದಿನಕ್ಕೆ 2000 ಮಿ.ಗ್ರಾಂ, ನಿಮ್ಮ ಎರಡು ಮಾತ್ರೆಗಳೇ ಅಷ್ಟನ್ನೂ ತುಂಬಿಬಿಟ್ಟಿವೆ. ಮೀರಿದರೆ ಭೇದಿ, ಕಿಡ್ನಿ ಕಲ್ಲಿನ ಇತಿಹಾಸ ಇದ್ದವರಿಗೆ ಕಲ್ಲಿನ ಭಯ. ನೆಗಡಿ ಬಂದ ಮೇಲೆ ಶುರು ಮಾಡಿದರೆ ಅದರಿಂದ ಖಚಿತ ಪ್ರಯೋಜನ ಕಂಡಿಲ್ಲ. ಮೊದಲಿನಿಂದಲೂ ದಿನಾ ತೆಗೆದುಕೊಳ್ಳುವ ವಯಸ್ಕರಲ್ಲಿ ಮಾತ್ರ ನೆಗಡಿಯ ಅವಧಿ ಶೇಕಡಾ 8ರಷ್ಟು ಕಡಿಮೆಯಾಗಿತ್ತು. ಸ್ಟೇಷನ್ ಹೊರಗೆ ಸಿಗುವ ಒಂದು ಪೇರಲ ಹಣ್ಣೇ ದಿನದ ಅಗತ್ಯವನ್ನು ಮೀರಿಸುತ್ತದೆ. ಕರಗಿಸುವ ಮಾತ್ರೆಯಲ್ಲಿ ಸೋಡಿಯಂ ಸಾಮಾನ್ಯವಾಗಿ ಇರುತ್ತದೆ, ಬಿಪಿ ಇದ್ದವರು ಅದನ್ನೂ ಓದಿಕೊಳ್ಳಲಿ.

ನಮ್ಮ ಕಡೆಗೆ ಬೇಕಾದ ಇನ್ನೊಂದು ಮಾತು. ಮೊಣಕಾಲುದ್ದ ನೀರಲ್ಲಿ ನಡೆದವರಿಗೆ ಕೊಳಕು ನೀರಿನಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಜ್ವರ ತಡೆಯಲು ಡಾಕ್ಟರು ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಬರೆದುಕೊಡುವುದುಂಟು. ಝಿಂಕ್ ಅದಕ್ಕೆ ಅಂಟಿಕೊಂಡು ಔಷಧ ಮೈಗೆ ಹತ್ತದಂತೆ ಮಾಡುತ್ತದೆ. ಸಿಪ್ರೊಫ್ಲಾಕ್ಸಾಸಿನ್‌ಗೂ ಹೀಗೇ. ಆಂಟಿಬಯೋಟಿಕ್ ತೆಗೆದುಕೊಂಡು ಕನಿಷ್ಠ 2 ಗಂಟೆ ಬಿಟ್ಟು ಝಿಂಕ್ ತೆಗೆದುಕೊಳ್ಳಿ. ಝಿಂಕ್ ಮೊದಲು ಹೊಟ್ಟೆ ಸೇರಿದ್ದರೆ ಆಂಟಿಬಯೋಟಿಕ್‌ಗೆ 4ರಿಂದ 6 ಗಂಟೆ ಕಾಯಿರಿ.

ನಿಮ್ಮ ಜಾಗದಲ್ಲಿ ನಾನಾದರೆ ಗೋಲಿ, ಕರಗಿಸುವ ಮಾತ್ರೆ ಎರಡನ್ನೂ ಇವತ್ತೇ ನಿಲ್ಲಿಸುತ್ತೇನೆ. ಮಲ್ಟಿವಿಟಮಿನ್ ಬೇಕೇ ಬೇಕೆಂದರೆ ಊಟದ ನಂತರ ಒಂದು, ಅಷ್ಟೇ.

ಮಗಳ ವಿಷಯ. ಅಮೆರಿಕದ ಪಟ್ಟಿಯಲ್ಲಿ 4ರಿಂದ 8 ವರ್ಷದವರಿಗೆ ಸತುವಿನ ಮೇಲ್ಮಿತಿ ದಿನಕ್ಕೆ 12 ಮಿ.ಗ್ರಾಂ, ವಿಟಮಿನ್ ಸಿಗೆ 650. ನಿಮ್ಮ ಮಲ್ಟಿವಿಟಮಿನ್‌ನ ಅರ್ಧದಲ್ಲೇ 11.25 ಸತು ಇದೆ, ಊಟದ್ದು ಕೂಡಿದರೆ ಮಿತಿ ದಾಟಿತು. ಚೀಪುವ ಗೋಲಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಬೇರೆ. ಮಕ್ಕಳಿಗೆ ಭೇದಿಯಾದಾಗ 20 ಮಿ.ಗ್ರಾಂ ಝಿಂಕ್ ಮಾತ್ರೆಯನ್ನು ನೀರಲ್ಲಿ ಕರಗಿಸಿ ಕೊಡುತ್ತಾರಲ್ಲ, ಅದು ಭೇದಿಗೆ, 10ರಿಂದ 14 ದಿನಕ್ಕೆ ಸೀಮಿತ. ಮನೆಯಲ್ಲಿ ಅದರ ಸ್ಟ್ರಿಪ್ ಉಳಿದಿದ್ದರೆ ನೆಗಡಿಗೆಂದು ತೆಗೆಯಬೇಡಿ.