ಭಾಮಿನಿಯಲ್ಲಿ ಗಾರೆ ಕೆಲಸದವನ ಪತ್ರ: ಸಾಲು ಎಡವುವುದೇಕೆ?

«ಕಾರವಾರಕ್ಕೆ ಕಟ್ಟಡ ಕೆಲಸಕ್ಕೆ ಬಂದವನೊಬ್ಬ ಊರಿನ ಹೆಂಡತಿಗೆ ಬರೆಯುವ ಪತ್ರವನ್ನು ಭಾಮಿನಿ ಷಟ್ಪದಿಯಲ್ಲಿ ಬರೆಯುತ್ತಿದ್ದೇನೆ. ‘ಮಳೆ ಬಂದಿದೆ ಕೆಲಸವು ನಿಂತಿದೆ’ ಎಂಬ ಮೊದಲ ಸಾಲಿನಲ್ಲಿ ಹದಿನಾಲ್ಕು ಮಾತ್ರೆ ಸರಿಯಾಗಿದ್ದರೂ ಓದುವಾಗ ಎಡವುತ್ತದೆ, ಏಕೆ?»

ಮೊತ್ತ ಸರಿಯಿದೆ, ಗಣ ಒಡೆದಿದೆ. ಭಾಮಿನಿಯ ಚಿಕ್ಕ ಸಾಲು 3, 4, 3, 4 ಮಾತ್ರೆಗಳಾಗಿ ನಡೆಯಬೇಕು. ನಿಮ್ಮ ಸಾಲಿನಲ್ಲಿ ‘ಮಳೆ’ ಎರಡು ಮಾತ್ರೆಗೆ ಮುಗಿದು, ಮೂರನೆಯ ಮಾತ್ರೆಯು ‘ಬಂ’ ಎಂಬ ಗುರುವಿನ ನಡುವೆ ಬೀಳುವುದರಿಂದ ನಾಲಿಗೆಗೆ ನಿಲ್ಲಲು ಜಾಗವಿಲ್ಲ. ‘ವು’ವನ್ನು ಕೆಲಸದಿಂದ ತೆಗೆದು ಮಳೆಗೆ ‘ಯು’ ಸೇರಿಸಿದರೆ ಸಾಕು:

ಮಳೆಯು ಬಂದಿದೆ ಕೆಲಸ ನಿಂತಿದೆ
ಹಳೆಯ ಗೋಣಿಯ ಹೊದ್ದು ಕೂತೆನು
ಉಳಿದ ಕೂಲಿಯ ನಾಳೆ ಕೊಡುವರು ಎಂದು ಕಾದಿಹೆ ನಾ

ಮೂರನೆಯ ಸಾಲಿನಲ್ಲಿ 3–4ರ ಜೋಡಿ ಮೂರು ಬಾರಿ ಬಂದು, ಕೊನೆಗೊಂದು ಗುರು ಸೇರಿ 23 ಮಾತ್ರೆಯಾಗುತ್ತದೆ. ನಾಲ್ಕು, ಐದು, ಆರನೆಯ ಸಾಲುಗಳು ಕ್ರಮವಾಗಿ ಮೊದಲ ಮೂರು ಸಾಲುಗಳ ಅಳತೆಯಲ್ಲೇ ಮರಳುತ್ತವೆ. ಆರರಲ್ಲೂ ಎರಡನೆಯ ಅಕ್ಷರದ ವ್ಯಂಜನ ‘ಳ’ಕಾರವೇ ಆಗಿರಬೇಕು.

ಕೆಲಸದ ಮಾತುಗಳನ್ನು ಛಂದಸ್ಸಿಗಾಗಿ ಬಿಟ್ಟುಕೊಡಬೇಡಿ. ‘ಚಿರೆಕಲ್ಲು’ ಐದು ಮಾತ್ರೆಯಾಗಿ ತೊಡಕುಂಟುಮಾಡುತ್ತದೆ, ಆದರೆ ‘ಚಿರೆಯ ಕಲ್ಲನು’ ಎಂದು ಬಿಡಿಸಿದರೆ 3–4ಕ್ಕೆ ಸರಿಯಾಗಿ ಕೂರುತ್ತದೆ. ‘ಶಿಲೆ’ ಎಂದು ಬರೆಯುವ ಆಸೆ ಬರಬಹುದು. ಕರಾವಳಿಯಲ್ಲಿ ಗೋಡೆ ಕಟ್ಟುವವನು ಹೆಂಡತಿಗೆ ಹಾಗೆ ಬರೆಯುವುದಿಲ್ಲ. ‘ಕಾದಿಹೆ’ ಎಂಬ ನನ್ನ ಪದಕ್ಕೂ ಅದೇ ಆಕ್ಷೇಪವಿದೆ; ‘ಕಾದೆನು’ ಎಂದರೂ ನಾಲ್ಕೇ ಮಾತ್ರೆ, ಅದನ್ನೇ ಇಟ್ಟುಕೊಳ್ಳಿ.